ಪದಚರ್ಚೆ: ಆಡಿಟರ್‌ಗೆ ಬರೆಯೋ ಪತ್ರದಲ್ಲಿ "ಅಡ್ಜಸ್ಟಿಂಗ್ ಎಂಟ್ರಿ"ಗೆ ಏನ್ ಬರೀಬೇಕು? (ಅರ್ಜೆಂಟು)

ಸವಿತಾ, ಗುಬ್ಬಿ:

ಎಲ್ರಿಗೂ ನಮಸ್ಕಾರ. ನಾನು ಗುಬ್ಬಿ ಕಡೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರಿಯೋದು. ಆಡಿಟರ್ ಕಡೆಯಿಂದ ಪತ್ರ ಬಂದಿದೆ, 31-3-2025ರ ಜರ್ನಲ್ ಓಚರ್‌ನಲ್ಲಿ ಠೇವಣಿ ಬಡ್ಡಿ ಅಂತ 14,20,000 ರೂ. ಒಂದೇ ಸಲ ಖರ್ಚು ಹಾಕಿದೀರಿ, ಕಾರಣ ಬರೆದು ಕೊಡಿ, ಕನ್ನಡದಲ್ಲೇ ಇರ್ಲಿ, ಆಡಳಿತ ಮಂಡಳಿಯವ್ರೂ ಓದಿ ಸಹಿ ಹಾಕ್ಬೇಕು ಅಂತ. ನಾಳೆ ಮಧ್ಯಾಹ್ನದೊಳಗೆ ಕೊಡ್ಬೇಕು.

ವಿಷಯ ಏನಂದ್ರೆ ಸಂಘದಲ್ಲಿ ಮೊದ್ಲಿಂದ ಠೇವಣಿ ಬಡ್ಡೀನ ವಾಯಿದೆ ಮುಗಿದು ದುಡ್ಡು ಕೊಟ್ಟ ದಿನ ಮಾತ್ರ ಖರ್ಚು ಬರೀತಿದ್ರು. ಈ ಸಲ ಎಲ್ಲಾ ಬಾಂಡು ತೆಗೆದು ಮಾರ್ಚ್ ಕೊನೆವರೆಗೆ ಆಗಿರೋ ಬಡ್ಡಿ ಲೆಕ್ಕ ಹಾಕಿ ಬರೆದ್ವಿ, ಅದಕ್ಕೇ ಅಷ್ಟು ದೊಡ್ಡದಾಗಿದೆ. ನಾನು "ಹೊಂದಾಣಿಕೆ ನಮೂದು" ಅಂತ ಬರೆದಿದ್ದೆ, ಅಧ್ಯಕ್ಷರು ಆ ಪದ ಬೇಡಮ್ಮ, ಏನೋ ಒಳಗೊಳಗೇ ಮಾಡ್ಕೊಂಡ ಹಾಗೆ ಕಾಣತ್ತೆ ಅಂತಾರೆ. ಇನ್ನೊಂದು, ಅಕ್ರೂಡ್ ಇಂಟರೆಸ್ಟ್‌ಗೆ "ಬಾಕಿ ಬಡ್ಡಿ" ಅಂತ ಹಾಕಿದೀನಿ, ಸರಿನಾ? ಬಲ್ಲವ್ರು ಬೇಗ ಹೇಳಿ.

ಪ್ರಸನ್ನ, ತುಮಕೂರು:

ಹೊಂದಾಣಿಕೆ ನಮೂದು ಸರಿಯಾಗೇ ಇದೆ. ಕಾಮರ್ಸ್ ಮಕ್ಕಳಿಗೆ ನಾನು ವರ್ಷಗಟ್ಲೆ ಇದೇ ಪದದಲ್ಲಿ ಪಾಠ ಮಾಡಿದೀನಿ, ಅಂತಿಮ ಲೆಕ್ಕ ಅಂದ್ಮೇಲೆ ಕೆಳಗೆ "ಹೊಂದಾಣಿಕೆಗಳು" ಅಂತ ಇದ್ದೇ ಇರತ್ತೆ. ಅಧ್ಯಕ್ಷರಿಗೆ ಇಷ್ಟ ಇಲ್ಲ ಅಂತ ಪದ ಬದಲಾಯ್ಸೋದು ಬೇಡ. ಮತ್ತೆ ಇದ್ರಲ್ಲಿ ಹಳೇ ವರ್ಷಗಳ ಬಡ್ಡಿ ಇದ್ರೆ ಅದನ್ನ ಈ ವರ್ಷದ ಖರ್ಚಿಗೆ ಹಾಕ್ಬೇಡಿ, ನೇರವಾಗಿ ಮೀಸಲು ನಿಧಿಯಲ್ಲಿ ಕಳೆದುಬಿಡಿ, ಅಲ್ಲಿಗೆ ಮುಗೀತು.

ಶ್ರೀಕಂಠ, ಚಿಂತಾಮಣಿ:

"ನಮೂದು" ಪಾರ್ಸಿ. ಕಾಣಿಸೋದು, ತೋರೋದು ಅಂತ ಅದರ ಮೂಲದ ಅರ್ಥ. ಪರ್ಮನಂಟಾಗಿ ಪುಸ್ತಕದಲ್ಲಿ ಬರೆದಿಡೋ ಲೆಕ್ಕಕ್ಕೆ ತೋರಿಕೆ ಅನ್ನೋ ಪದ ಯಾಕೆ? "ಸರಿಹೊಂದಿಕೆ ಬರಹ" ಅನ್ನಿ, ಅಚ್ಚಕನ್ನಡ, ಯಾರಿಗಾದ್ರೂ ಅರ್ಥ ಆಗತ್ತೆ. ಜಮಾ, ಖರ್ಚು, ಬಾಕಿ, ಓಚರ್, ಜರ್ನಲ್, ಇಷ್ಟೂ ಬೇರೆ ಕಡೆಯವೇ ಆದ್ರೆ ಅದು ಕನ್ನಡದ ಪತ್ರ ಹೆಂಗಾಗತ್ತೆ.

ಲೋಕೇಶ್, ತಿಪಟೂರು:

ಮೇಡಂ ಆ ಎಂಟ್ರೀನ ತೆಗೆದುಬಿಡೋದೇ ಒಳ್ಳೇದು. ನಮ್ದು ಕೊಬ್ಬರಿ ಮಂಡಿ, ಒಂದ್ಸಲ ಮಾರ್ಚ್ ಕೊನೇಲಿ ದಾಸ್ತಾನು ತೂಕ ಮಾಡಿದ್ರೆ ಪುಸ್ತಕಕ್ಕಿಂತ ಕಮ್ಮಿ ಬಂತು, ಒಣಗಿ ತೂಕ ಇಳಿದಿತ್ತು, ಜರ್ನಲ್ ಹಾಕಿ ಕಮ್ಮಿ ಮಾಡಿದ್ವಿ. ಆಡಿಟರ್ ಕೇಳಿದಾಗ ತೂಕದ ಚೀಟಿ ಒಂದೂ ಇರ್ಲಿಲ್ಲ, ಎಂಟ್ರಿ ಕ್ಯಾನ್ಸಲ್ ಮಾಡಿಸಿದ್ರು. ಕೇಳಿದಾರೆ ಅಂದ್ರೆ ಬೇಡ ಅಂತಾನೇ ಅರ್ಥ.

ನಾರಾಯಣಸ್ವಾಮಿ, ಕೋಲಾರ:

ಲೋಕೇಶ್ ಅವ್ರೆ, ಅವರು ಕೇಳಿರೋದು ಪದ, ಎಂಟ್ರಿ ತೆಗೀಲಾ ಅಂತ ಅಲ್ಲ. ಆಡಿಟರ್ ಕೇಳಿದ್ದಕ್ಕೆ ಅನುಮಾನಾನೇ ಕಾರಣ ಅಂತ್ಲೂ ಅಲ್ಲ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಆಡಿಟ್ ಸ್ಟ್ಯಾಂಡರ್ಡ್ 240ರಲ್ಲೇ ವರ್ಷದ ಕೊನೇಲಿ ಹಾಕಿದ ಜರ್ನಲ್‌ಗಳನ್ನ ಆರಿಸಿ ಪರೀಕ್ಷೆ ಮಾಡ್ಬೇಕು ಅಂತ ಇದೆ, ಎಂಥಾ ಪ್ರಾಮಾಣಿಕ ಸಂಘ ಆದ್ರೂ ಕೇಳ್ಲೇಬೇಕು. ನಿಮ್ಮ ಕೊಬ್ಬರಿಗೆ ಚೀಟಿ ಇರ್ಲಿಲ್ಲ ಅದಕ್ಕೆ ಹೋಯ್ತು, ಇವರ ಹತ್ರ ಬಾಂಡುಗಳಿವೆ.

ಇನ್ನು ಪದ. ನಾನು ಸಹಕಾರ ಸಂಘಗಳ ಲೆಕ್ಕಪರಿಶೋಧನೆಯಲ್ಲೇ ಕೆಲಸ ಮಾಡಿ ನಿವೃತ್ತ ಆದವ್ನು, ಅಧ್ಯಕ್ಷರು ಹೇಳಿದ್ರಲ್ಲಿ ತಿರುಳಿದೆ ಪ್ರಸನ್ನ ಅವ್ರೆ. ಪಾಠದಲ್ಲಿ ಹೊಂದಾಣಿಕೆ ಅಂದ್ರೆ ಒಂದು, ಸಂಘದ ಆಡಿಟ್‌ನಲ್ಲಿ ಅದೇ ಪದ ಕೇಳಿದ್ರೆ ಕಿವಿಗೆ ಬೀಳೋದು "ಪುಸ್ತಕ ಹೊಂದಾಣಿಕೆ". ಸುಸ್ತಿ ಆಗಿರೋ ಸಾಲಗಾರನಿಗೆ ಮಾರ್ಚ್ 31ಕ್ಕೆ ಕಾಗದದ ಮೇಲೆ ಹೊಸ ಸಾಲ ಕೊಟ್ಟ ಹಾಗೆ ಬರೆದು ಹಳೇದನ್ನ ತೀರಿಸಿದ ಹಾಗೆ ತೋರ್ಸೋದು, ಒಂದ್ರೂಪಾಯಿ ಓಡಾಡಿರಲ್ಲ, ಸುಸ್ತಿ ಮಾತ್ರ ಕಮ್ಮಿ ಕಾಣತ್ತೆ. ಆ ವಾಸನೆ ಅಂಟಿರೋ ಪದಾನ ತಲೆಬರಹದಲ್ಲಿ ಒಂಟಿಯಾಗಿ ಹಾಕ್ಬೇಡಿ. ಯಾತರ ಹೊಂದಾಣಿಕೆ ಅಂತ ಅದರ ಮುಂದೆಯೇ ಹೇಳಿ: "ಠೇವಣಿಗಳ ಮೇಲೆ ಕೊಡಬೇಕಾದ ಬಡ್ಡಿಯ ವರ್ಷಾಂತ್ಯದ ಹೊಂದಾಣಿಕೆ ನಮೂದು". ಉದ್ದ ಆಯ್ತು ಅನ್ಸಿದ್ರೆ "ಕೊಡಬೇಕಾದ ಬಡ್ಡಿಯ ನಮೂದು" ಸಾಕು.

ನಿಜವಾದ ತಪ್ಪು "ಬಾಕಿ ಬಡ್ಡಿ"ಯಲ್ಲಿದೆ, ಅದನ್ನ ಮೊದ್ಲು ತೆಗೀರಿ. ಪತ್ತಿನ ಸಂಘದಲ್ಲಿ ಬಾಕಿ ಬಡ್ಡಿ ಅಂದ್ರೆ ಸಾಲಗಾರ ಸಂಘಕ್ಕೆ ಕಟ್ಬೇಕಾದ್ದು ಅಂತ ಓದ್ತಾರೆ, ಅಂದ್ರೆ ಆಸ್ತಿ. ನಿಮ್ಮದು ಸಂಘ ಠೇವಣಿದಾರರಿಗೆ ಕೊಡ್ಬೇಕಾದ್ದು, ಜವಾಬ್ದಾರಿ. ಓದೋರು ತಃಖ್ತೆಯ ಇನ್ನೊಂದು ಮಗ್ಗುಲಲ್ಲಿ ಹುಡುಕ್ತಾ ಕೂರ್ತಾರೆ. "ಕೊಡಬೇಕಾದ ಬಡ್ಡಿ", "ಬರಬೇಕಾದ ಬಡ್ಡಿ" ಅಂತ ಹಿಂದಿನಿಂದ ಎರಡು ಪದ ಇಟ್ಟಿರೋದೇ ಇದಕ್ಕೆ.

ಇನ್ನೊಂದು ಕೇಳ್ತೀನಿ, 14,20,000ದಲ್ಲಿ ಈ ವರ್ಷದ್ದು ಎಷ್ಟು, ಹಿಂದಿನದ್ದು ಎಷ್ಟು? ಅದನ್ನ ಒಡೀದೆ ಯಾವ ಪದ ಹಾಕಿದ್ರೂ ಪತ್ರ ವಾಪಸ್ ಬರತ್ತೆ. ಒಂದು ಬಾಂಡು ತಗೊಳ್ಳಿ. 1-10-2022ರಂದು ಇಟ್ಟ ಒಂದು ಲಕ್ಷ, 9 ಪರ್ಸೆಂಟು ಸರಳ ಬಡ್ಡಿ, ಮೂರು ವರ್ಷ. ಮಾರ್ಚ್ 2025ಕ್ಕೆ 30 ತಿಂಗಳು ಆಯ್ತು, ಬಡ್ಡಿ 22,500. ಇದ್ರಲ್ಲಿ 2024-25ಕ್ಕೆ ಸೇರಿದ್ದು 9,000 ಮಾತ್ರ, ಮಿಕ್ಕ 13,500 ಹಿಂದಿನ ಎರಡು ಸಾಲಿನ ಖರ್ಚು, ಆಗ ಬರೀದೆ ಬಿಟ್ಟಿದ್ದು. ಮೊದಲನೇದು ಹೊಂದಾಣಿಕೆ. ಎರಡನೇದನ್ನ ಹೊಂದಾಣಿಕೆ ಅನ್ನೋಕ್ಕಾಗಲ್ಲ, ಅದು ತಿದ್ದುಪಡಿ. ಒಂದೇ ಪದ ಎರಡಕ್ಕೂ ಹೊದಿಸಿದ್ರೆ ಅಧ್ಯಕ್ಷರಿಗೆ ಬಂದ ಅನುಮಾನವೇ ಆಡಿಟರ್‌ಗೂ ಬರತ್ತೆ.

ಮೀಸಲು ನಿಧಿಯಲ್ಲಿ ಕಳೀರಿ ಅನ್ನೋದು ಬೇಡ. ಹಳೇದು ಬೇರೆ ಕಾಣಬೇಕು ಅನ್ನೋವರೆಗೆ ಪ್ರಸನ್ನ ಹೇಳಿದ್ದು ಸರಿ, ಆದ್ರೆ ಅದು ಬೇರೆ ಕಾಣ್ಬೇಕಾದ್ದು ಲಾಭ ನಷ್ಟದ ತಃಖ್ತೆಯ ಒಳಗೇ, "ಹಿಂದಿನ ಸಾಲುಗಳಿಗೆ ಸೇರಿದ ಬಡ್ಡಿ" ಅಂತ ಪ್ರತ್ಯೇಕ ಸಾಲಾಗಿ. ಲೆಕ್ಕಪತ್ರ ಮಾನದಂಡ 5 ಹೇಳೋದು ಅದನ್ನೇ.

ಶ್ರೀಕಂಠ, ಚಿಂತಾಮಣಿ:

ಪಾಠ ಚೆನ್ನಾಗಿದೆ. ಆದ್ರೆ ಪದದ ಪ್ರಶ್ನೆಗೆ ಉತ್ತರ "ತಃಖ್ತೆ"ನಾ? ಅದೂ ಪಾರ್ಸಿ, ಹಲಗೆ ಅಂತ. "ಸುಸ್ತಿ"ನೂ ಪಾರ್ಸಿ. ಇಲಾಖೆಯವ್ರು ಇದನ್ನ ಬಿಡಲ್ಲ, ನಾವೂ ಕೇಳೋದು ಬಿಡಲ್ಲ.

ರೆಡ್ಡಪ್ಪ, ಬಾಗೇಪಲ್ಲಿ:

ನಮ್ಮ ಕಡೆ ಅಂಗಡಿ ಲೆಕ್ಕದಲ್ಲಿ ಎಂಟ್ರಿಗೆ "ಪದ್ದು" ಅಂತೀವಿ, ತೆಲುಗಲ್ಲಿ ಪುಸ್ತಕದಲ್ಲೇ "ಸರ್ದುಬಾಟು ಪದ್ದು" ಅಂತ ಇದೆ, ಇದೇ ಅಡ್ಜಸ್ಟಿಂಗ್ ಎಂಟ್ರಿಗೆ. ಪಾರ್ಸಿ ಬೇಡ ಅಂದ್ರೆ ಪಕ್ಕದ ಮನೆಯ ಪದ ತಗೋಬೋದಲ್ಲ, ಗಡಿಯಲ್ಲಿರೋ ನಮಗೆ ಅದು ಹೊರಗಿಂದು ಅಂತ ಅನ್ಸೋದೇ ಇಲ್ಲ.

ಶ್ರೀಕಂಠ, ಚಿಂತಾಮಣಿ:

ಪದ್ದು ಒಪ್ಪಿದೆ. ಸರ್ದುಬಾಟು ಬೇಡ.

ಪ್ರಸನ್ನ, ತುಮಕೂರು:

ಗುಬ್ಬಿಯಲ್ಲಿ ಪದ್ದು ಅಂದ್ರೆ ಯಾರಿಗೂ ಗೊತ್ತಾಗಲ್ಲ. ಮತ್ತೆ ಶ್ರೀಕಂಠ ಅವ್ರೆ, "ಲೆಕ್ಕ" ಅನ್ನೋದೇ ಸಂಸ್ಕೃತದ ಲೇಖದಿಂದ ಬಂದಿದ್ದು ಅಂತಾರೆ, ಅದನ್ನೂ ಬಿಡ್ತೀರಾ? ಇನ್ನೂರು ವರ್ಷದಿಂದ ಶಾನುಭೋಗರು ಜಮಾ ಖರ್ಚು ಬಾಕಿ ಅಂತ ಬರೆದು ಬರೆದು ಅವು ನಮ್ಮವಾಗಿವೆ. ಮಾನದಂಡ 5ರ ವಿಷ್ಯ ಮಾತ್ರ ನಾನು ಪೂರ್ತಿ ಒಪ್ಪಲ್ಲ ನಾರಾಯಣಸ್ವಾಮಿ ಅವ್ರೆ, ಸಂಘದ ಸದಸ್ಯರು ಈ ವರ್ಷ ನಷ್ಟ ಅಂತ ಓದಿದ್ರೆ ಠೇವಣಿ ವಾಪಸ್ ಕೇಳೋಕೆ ಬರ್ತಾರೆ, ಅದನ್ನ ಯಾರು ನೋಡ್ಕೋತಾರೆ?

ಸವಿತಾ, ಗುಬ್ಬಿ:

ಒಡೆದು ನೋಡ್ದೆ ಸರ್. ಈ ವರ್ಷದ್ದು 6,10,000, ಹಿಂದಿನದ್ದು 8,10,000. ಎಂಟ್ರಿಗೆ ಮುಂಚೆ ಲಾಭ 9,40,000 ಇತ್ತು. ಈ ವರ್ಷದ ಬಡ್ಡಿ ಕಳೆದ್ರೆ 3,30,000 ಲಾಭ ಉಳಿಯತ್ತೆ, ಹಳೇದನ್ನೂ ಕಳೆದ್ರೆ 4,80,000 ನಷ್ಟ. ಪ್ರಸನ್ನ ಸರ್ ಭಯ ನಮ್ಮ ಮಂಡಳಿಯವ್ರಿಗೂ ಇದೆ, ಅದಕ್ಕೇ ಮೂರೂ ಅಂಕಿ ಪತ್ರದಲ್ಲಿ ಹಾಕಿದೀನಿ. ಪತ್ರ ಹೀಗಿದೆ, ಪದ ತಿದ್ದಿ:

"31-3-2025ರ ಜರ್ನಲ್ ಓಚರ್ ಮೂಲಕ ಠೇವಣಿಗಳ ಮೇಲಿನ ಬಡ್ಡಿಗೆ 14,20,000 ರೂ. ಖರ್ಚು ಬರೆದು, ಅಷ್ಟೇ ಮೊತ್ತವನ್ನು ಕೊಡಬೇಕಾದ ಬಡ್ಡಿ ಖಾತೆಗೆ ಜಮಾ ಮಾಡಲಾಗಿದೆ. ಇದರಲ್ಲಿ ನಗದು ವಹಿವಾಟು ಇಲ್ಲ. ಈವರೆಗೆ ಸಂಘವು ಬಡ್ಡಿಯನ್ನು ವಾಯಿದೆ ಮುಗಿದು ಪಾವತಿಸಿದಾಗ ಮಾತ್ರ ಖರ್ಚು ಬರೆಯುತ್ತಿದ್ದ ಕಾರಣ ಹೊಣೆ ಪುಸ್ತಕದಲ್ಲಿ ಕಾಣುತ್ತಿರಲಿಲ್ಲ. ಮೊತ್ತದಲ್ಲಿ 6,10,000 ರೂ. 2024-25ನೇ ಸಾಲಿಗೆ ಸೇರಿದ ವರ್ಷಾಂತ್ಯದ ಹೊಂದಾಣಿಕೆ. 8,10,000 ರೂ. ಹಿಂದಿನ ಸಾಲುಗಳಲ್ಲಿ ಬರೆಯದೆ ಬಿಟ್ಟ ಬಡ್ಡಿಯ ತಿದ್ದುಪಡಿ. ಇದನ್ನು ಲಾಭ ನಷ್ಟದ ತಃಖ್ತೆಯಲ್ಲಿ ಪ್ರತ್ಯೇಕವಾಗಿ ತೋರಿಸಲಾಗಿದೆ. ನಮೂದಿಗೆ ಮುಂಚಿನ ಲಾಭ 9,40,000 ರೂ., ಈ ಸಾಲಿನ ಬಡ್ಡಿ ಕಳೆದ ಮೇಲೆ 3,30,000 ರೂ., ಹಿಂದಿನ ಸಾಲುಗಳ ಬಡ್ಡಿಯನ್ನೂ ಕಳೆದ ಮೇಲೆ ನಷ್ಟ 4,80,000 ರೂ. ಬಾಂಡುವಾರು ಬಡ್ಡಿ ಲೆಕ್ಕದ ಪಟ್ಟಿ ಲಗತ್ತಿಸಿದೆ."

ನಾರಾಯಣಸ್ವಾಮಿ, ಕೋಲಾರ:

ಪದಗಳು ಸರಿಯಾಗಿವೆ. ಎರಡು ಸಾಲು ಸೇರಿಸಿ. ಓಚರ್ ದಿನಾಂಕ ಮಾರ್ಚ್ 31 ಆದ್ರೂ ಟ್ಯಾಲಿಯಲ್ಲಿ F7 ಒತ್ತಿ ಬರೆದ ದಿನ ಬೇರೆ ಇರತ್ತೆ, ಬಾಂಡು ಲೆಕ್ಕ ಮುಗಿಯೋದೇ ಏಪ್ರಿಲ್ ಮೇ ಆಗಿರತ್ತೆ. ಆ ದಿನ ಯಾವ್ದು, ಯಾರು ಒಪ್ಪಿಗೆ ಕೊಟ್ರು ಅಂತ ನೀವೇ ಬರೀರಿ. ಅವರಾಗಿ ಕಂಡುಹಿಡಿದ್ರೆ ಹಿಂದಿನ ತಾರೀಕು ಹಾಕಿದ್ರು ಅನ್ನೋ ಮಾತು ಬರತ್ತೆ.

ಎರಡನೇದು ಮುಂದಿನ ವರ್ಷಕ್ಕೆ. ಆ ಒಂದು ಲಕ್ಷದ ಬಾಂಡು ಸೆಪ್ಟೆಂಬರ್ 2025ಕ್ಕೆ ಮುಗಿದಾಗ ಬಡ್ಡಿ 27,000 ಕೊಡ್ತೀರಿ. 22,500 ಕೊಡಬೇಕಾದ ಬಡ್ಡಿ ಖಾತೆಯಿಂದ ಕಳೀಬೇಕು, ಉಳಿದ 4,500 ಮಾತ್ರ ಆ ವರ್ಷದ ಖರ್ಚು. ಕೌಂಟರ್‌ನಲ್ಲಿರೋ ಹುಡುಗ್ರು ಹಳೇ ಅಭ್ಯಾಸದಲ್ಲಿ ಪೂರ್ತಿ 27,000 ಖರ್ಚಿಗೇ ಹಾಕ್ತಾರೆ, ಒಂದೇ ಬಡ್ಡಿ ಎರಡು ಸಲ ಖರ್ಚಾಗತ್ತೆ. ಬಾಂಡುಗಳು ಮುಗೀತಾ ಬಂದ್ರೂ ಕೊಡಬೇಕಾದ ಬಡ್ಡಿ ಖಾತೆಯ 14,20,000 ಅಲ್ಲಾಡದೆ ನಿಂತಿದ್ರೆ ಅದೇ ಆಗಿದೆ ಅಂತ ತಿಳ್ಕೊಳ್ಳಿ. ಹೊಸ ಪದ್ಧತಿ ಯಾವತ್ತಿಂದ ಅಂತ ಪತ್ರದಲ್ಲೇ ಒಂದು ಸಾಲು ಇರ್ಲಿ.

ಪ್ರಸನ್ನ ಅವ್ರೆ, ಸದಸ್ಯರು ಹೆದರ್ತಾರೆ ಅನ್ನೋದು ನಿಜವಾದ ಕಷ್ಟ, ಆದ್ರೆ ಅದಕ್ಕಿಂತ ಕಷ್ಟದ ಪ್ರಶ್ನೆ ಆಡಿಟರ್ ಇನ್ನೂ ಕೇಳಿಲ್ಲ. ಆ 8,10,000 ಬರೀದೆ ಬಿಟ್ಟ ವರ್ಷಗಳಲ್ಲಿ ಲಾಭ ಅಂತ ಡಿವಿಡೆಂಡ್ ಹಂಚಿದ್ರಾ?

ಸವಿತಾ, ಗುಬ್ಬಿ:

ಹಂಚಿದಾರೆ ಸರ್, ಎರಡೂ ವರ್ಷ. ಅದನ್ನ ಪತ್ರದಲ್ಲಿ ಈಗಲೇ ಬರೀಬೇಕಾ, ಕೇಳಿದ್ಮೇಲೆ ಬರೀಬೇಕಾ ಅಂತ ಮಂಡಳಿಯಲ್ಲಿ ಎರಡು ಮಾತಿದೆ. ನಾನು ಈಗಲೇ ಬರಿಯೋಣ ಅಂತಿದೀನಿ.

ಶ್ರೀಕಂಠ, ಚಿಂತಾಮಣಿ:

ಬರೀರಿ. ಡಿವಿಡೆಂಡ್‌ಗೆ "ಲಾಭಪಾಲು" ಅಂತ ಬರೀರಿ.