ಸಹಾಯ ಬೇಕು: ಕ್ವೀನ್ ಆಫ್ ವ್ಯಾಂಡ್ಸ್, ಕಿಂಗ್ ಆಫ್ ಕಪ್ಸ್ ಜೋಡಿಯನ್ನು ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯವಳು, 1909ರ ರೈಡರ್-ವೇಟ್ ಟ್ಯಾರೋ ಕಾರ್ಡುಗಳನ್ನು ಬಳಸುತ್ತೇನೆ. ಇಳಕಲ್ ಸೀರೆಯ ವ್ಯಾಪಾರ ನಡೆಸುವ ಗೆಳತಿಯೊಬ್ಬಳು ತನ್ನ ದಾಂಪತ್ಯದ ಬಗ್ಗೆ ಕೇಳಿದಾಗ ಅವಳ ಸ್ಥಾನಕ್ಕೆ ಕ್ವೀನ್ ಆಫ್ ವ್ಯಾಂಡ್ಸ್, ಯಜಮಾನರ ಸ್ಥಾನಕ್ಕೆ ಕಿಂಗ್ ಆಫ್ ಕಪ್ಸ್, ನಡುವೆ ಫೋರ್ ಆಫ್ ಕಪ್ಸ್ ಬಂದವು.

ರಾಣಿಯ ಕೈಯಲ್ಲಿ ಸೂರ್ಯಕಾಂತಿ, ಕಾಲಬುಡದಲ್ಲಿ ಕಪ್ಪು ಬೆಕ್ಕು. ಮನಸ್ಸಿಗೆ ಬಂದದ್ದನ್ನು ಆಗಲೇ ಆಡಿಬಿಡುವ ನನ್ನ ಗೆಳತಿಯೇ ಅವಳು. ರಾಜನ ಸಿಂಹಾಸನವಾದರೋ ಅಲೆಯೇಳುವ ಕಡಲಿನ ಮೇಲೆ ತೇಲುತ್ತಿದ್ದರೂ ಅವನ ಪಾದಕ್ಕೆ ನೀರು ತಾಗಿಲ್ಲ, ಮೀನು ಕೊರಳಿನ ಪದಕವಾಗಿ ತೂಗುತ್ತಿದೆ. ಇದನ್ನು ಭಾವನೆಯ ಮೇಲಿನ ಹಿಡಿತವೆಂದೂ, ಭಾವನೆಯನ್ನು ಅದುಮಿಟ್ಟದ್ದೆಂದೂ ಓದಬಹುದು. ವ್ಯಾಂಡ್ಸ್ ಬೆಂಕಿಯ ಗುಂಪು, ಕಪ್ಸ್ ನೀರಿನ ಗುಂಪು. ಹಾಗೆಂದು ಬೆಂಕಿಗೂ ನೀರಿಗೂ ಕೂಡದೆಂದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ; ಗೋಲ್ಡನ್ ಡಾನ್ ಎಂಬ ಗೂಢವಿದ್ಯಾ ಸಂಘದ ಪದ್ಧತಿಯಲ್ಲಿ ರಾಣಿಯರೆಲ್ಲರಿಗೂ ನೀರಿನ ಅಂಶವಿರುವುದರಿಂದ ಈ ಬೆಂಕಿಯ ರಾಣಿಯೊಳಗೂ ಒಂದಿಷ್ಟು ನೀರಿದೆ.

ತೊಡಕಿರುವುದು ನಡುವಿನ ಕಾರ್ಡಿನಲ್ಲಿ. ಮೋಡದಿಂದ ಚಾಚಿದ ಬಟ್ಟಲನ್ನು ನೋಡದೆ ಕೈಕಟ್ಟಿ ಕುಳಿತ ಆ ಯುವಕ ಕಪ್ಸ್ ಗುಂಪಿನವನೇ ಆದ್ದರಿಂದ ನಾನು ಅದನ್ನು ಯಜಮಾನರ ಮೌನವೆಂದು ಓದಿದೆ. ಗೆಳತಿ ಮಾತ್ರ, "ಅವರು ಚಾಚಿದ ಬಟ್ಟಲನ್ನ ನಾನs ನೋಡವಲ್ಲೆ ಏನೋ" ಎಂದಳು. ಇಂಥ ನಡುವಿನ ಕಾರ್ಡನ್ನು ಗುಂಪು ನೋಡಿ ಒಬ್ಬರಿಗೆ ಸೇರಿಸುತ್ತೀರೋ, ಇಬ್ಬರಿಗೂ ಹಂಚುತ್ತೀರೋ, ಇಲ್ಲವೇ ಇನ್ನೊಂದು ಕಾರ್ಡು ತೆಗೆಯುತ್ತೀರೋ, ದಯವಿಟ್ಟು ತಿಳಿಸಿ.