ಪ್ರಿಪೋನ್‌ಗೆ ‘ಮುಂದಕ್ಕೆ ತರಲಾಗಿದೆ’ ಅನ್ನಬಹುದೇ? (ಇವತ್ತೇ ಬೇಕು)

ರೇಖಾ:
ಎಲ್ಲರಿಗೂ ನಮಸ್ಕಾರ. ವೈಟ್‌ಫೀಲ್ಡ್ ಆಫೀಸಿನಲ್ಲಿ 14ರ ಶುಕ್ರವಾರ ಸಂಜೆ 4ಕ್ಕಿದ್ದ ಫೈರ್ ಡ್ರಿಲ್ ಈಗ 12ರ ಬುಧವಾರ ಸಂಜೆ 4ಕ್ಕೇ ನಡೆಯುತ್ತದೆ. ‘ದಿ ಡ್ರಿಲ್ ಈಸ್ ಪ್ರಿಪೋನ್ಡ್, ಕೈಂಡ್ಲಿ ಡೂ ದಿ ನೀಡ್‌ಫುಲ್ ಅಂಡ್ ರಿವರ್ಟ್’ ಎಂದು ಸುತ್ತೋಲೆ ಬಂದಿದೆ. ಇದು ಲಂಡನ್ನಿನ ಕ್ಲೈಂಟ್‌ಗೂ ಹೋಗಬೇಕು. ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರಿಗೆ ಕನ್ನಡದಲ್ಲಿ ಲಿಫ್ಟ್ ಪಕ್ಕ ಅಂಟಿಸಬೇಕು. ‘ಡ್ರಿಲ್ ಅನ್ನು ಮುಂದಕ್ಕೆ ತರಲಾಗಿದೆ, ಸೂಕ್ತ ಕ್ರಮ ಕೈಗೊಳ್ಳಿ’ ಸರಿಯೇ? ಮಧ್ಯಾಹ್ನ ಪ್ರಿಂಟಿಗೆ ಹೋಗುತ್ತದೆ.

ಶ್ರೀಧರ:
ಪ್ರಿಪೋನ್ ಇಂಗ್ಲಿಷೇ ಅಲ್ಲ, ಯಾವ ನಿಘಂಟಿನಲ್ಲೂ ಇಲ್ಲ. ‘ಮುಂದೂಡು’ವಿಗೆ ಎದುರು ‘ಹಿಂದೂಡು’. ಡ್ರಿಲ್ ಹಿಂದೂಡಿದೆ ಅನ್ನಿ, ಮುಗಿಯಿತು. ‘ಸೂಕ್ತ ಕ್ರಮ’ ಬೇಡ, ‘ಆಗಬೇಕಾದ್ದನ್ನು ಮಾಡಿ’ ಸಾಕು.

ವಿಮಲಾ:
ಶ್ರೀಧರ ಅವರೇ, ಪ್ರಿಪೋನ್ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ, ಭಾರತದ ಬಳಕೆ ಎಂಬ ಗುರುತಿನೊಂದಿಗೆ. ತಪ್ಪಲ್ಲ, ಆದರೆ ಲಂಡನ್ನಿನವರು ಅದನ್ನು ಬಳಸುವುದಿಲ್ಲ. ಅಲ್ಲಿ ‘ಬ್ರಿಂಗ್ ಫಾರ್ವರ್ಡ್’ ಅನ್ನುತ್ತಾರೆ, ಅಮೆರಿಕದಲ್ಲಿ ‘ಮೂವ್ ಅಪ್’.

ರೇಖಾ ಅವರೇ, ತೊಂದರೆ ಇರುವುದು ಆ ‘ಬ್ರಿಂಗ್ ಫಾರ್ವರ್ಡ್’ ಅನ್ನು ನೀವು ಹಾಗೆಯೇ ಕನ್ನಡಕ್ಕೆ ಇಳಿಸಿರುವಲ್ಲಿ. ‘ಮುಂದಕ್ಕೆ’ ಅಂದ ಕೂಡಲೇ ನಮ್ಮವರಿಗೆ ಕೇಳಿಸುವುದು ‘ಮುಂದಕ್ಕೆ ಹೋಯ್ತು’, ಅಂದರೆ ತಡವಾಯ್ತು. ಲಿಫ್ಟ್ ಪಕ್ಕ ಅದನ್ನು ಓದಿದವರು ಡ್ರಿಲ್ ಮುಂದಿನ ವಾರ ಅಂದುಕೊಳ್ಳುತ್ತಾರೆ, ಬುಧವಾರ ಗಂಟೆ ಹೊಡೆದಾಗ ನಿಜವಾದ ಬೆಂಕಿ ಅಂತ ಗಾಬರಿಯಾಗುತ್ತಾರೆ. ‘ಮುನ್’ ಎಂಬ ಮೂಲ ಪದವೇ ಎರಡೂ ಕಡೆಗೆ ಎಳೆಯುತ್ತದೆ: ಮುನ್ನ, ಮುಂಚೆ ಅಂದರೆ ಮೊದಲು; ಮುಂದೆ, ಮುಂದಿನ ಅಂದರೆ ಆಮೇಲೆ. ಹಾಗಾಗಿ ‘ಮುಂಚೆ’ಯ ಕಡೆಯ ಮಾತನ್ನೇ ಹಿಡಿಯಿರಿ. ‘ಎರಡು ದಿನ ಮೊದಲೇ ನಡೆಯಲಿದೆ’ ಅಂದರೆ ಯಾರಿಗೂ ಗೊಂದಲವಿಲ್ಲ.

ಇಂಗ್ಲಿಷಿನಲ್ಲೂ ಇದೇ ಗತಿ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಅಂದರೆ ಯಾವ ದಿನ ಎಂದು ಇಂಗ್ಲಿಷ್ ಮನೆಮಾತಿನವರನ್ನೇ ಕೇಳಿದ ಪ್ರಯೋಗಗಳಿವೆ. ಮನೋವಿಜ್ಞಾನಿ ಲೆರಾ ಬೊರೊಡಿಟ್ಸ್ಕಿ 2000ದಲ್ಲಿ ಪ್ರಕಟಿಸಿದ್ದು ಹೆಸರಾದದ್ದು. ಸೋಮವಾರ ಅಂದವರೂ ಶುಕ್ರವಾರ ಅಂದವರೂ ಸಿಕ್ಕರು. ಆದ್ದರಿಂದ ಯಾವ ಪದ ಆರಿಸಿದರೂ ಹಳೆಯ ದಿನ, ಹೊಸ ದಿನ ಎರಡನ್ನೂ ವಾರದ ಹೆಸರಿನೊಂದಿಗೆ ಬರೆಯಿರಿ.

ಮಂಜುನಾಥ:
ಮೇಡಂ, ‘ರಿವರ್ಟ್’ ಬಗ್ಗೆಯೂ ಹೇಳಿ. ನಮ್ಮ ಟೀಮಿನಲ್ಲಿ ‘ಪ್ಲೀಸ್ ರಿವರ್ಟ್’ ಎಂಬ ಮೇಲ್ ನೋಡಿ ಹೊರದೇಶದವರು ಹೊಸ ಕೋಡನ್ನೇ ತೆಗೆದುಬಿಟ್ಟರು. ಹಾಗಾದರೆ `git revert` ಹೆಸರನ್ನೂ ಬದಲಿಸಬೇಕೇ?

ವಿಮಲಾ:
ಬೇಡ ಮಂಜುನಾಥ್, ಆ ಕಮಾಂಡ್ ಹೆಸರು ಸರಿಯಾಗಿಯೇ ಇದೆ. ಮಾಡಿದ್ದನ್ನು ರದ್ದುಗೊಳಿಸಿ ಹಿಂದಿನ ಸ್ಥಿತಿಗೆ ತರುವುದೇ ಅಲ್ಲಿನ ಅರ್ಥ, ಅವರೂ ಹಾಗೇ ಓದಿದ್ದಾರೆ. ಉತ್ತರ ಬೇಕಿದ್ದರೆ ‘ರಿಪ್ಲೈ’ ಅನ್ನಿ.

ಶ್ರೀಧರ:
‘ಹಿಂದೂಡು’ ಏಕೆ ಬೇಡ ಅಂತ ಯಾರೂ ಹೇಳಲಿಲ್ಲ. ‘ಹಿಂದಿನ ದಿನ’ ಅಂದರೆ ಮೊದಲಿನ ದಿನ ತಾನೇ?

ವಿಮಲಾ:
ನಿಮ್ಮ ತರ್ಕ ಸರಿ, ಬಳಕೆ ಜೊತೆಗಿಲ್ಲ. ‘ಹಿಂದಕ್ಕೆ ಪಡೆ’ ಅಂದರೆ ವಾಪಸ್, ‘ಹಿಂದೆ ಬಿತ್ತು’ ಅಂದರೆ ತಡ. ನೋಟಿಸ್ ಓದುವವರು ಡ್ರಿಲ್ ರದ್ದಾಯಿತೇ ಎಂದು ಕೇಳುತ್ತಾರೆ.

‘ನೀಡ್‌ಫುಲ್’ ಬ್ರಿಟನ್ನಿನಿಂದಲೇ ಬಂದದ್ದು. ಅಲ್ಲಿ ಹಳತಾಯಿತು, ಇಲ್ಲಿ ಉಳಿಯಿತು. ಸರ್ಕಾರಿ ಕಡತದಲ್ಲಿ ‘ಅಗತ್ಯ ಕ್ರಮಕ್ಕಾಗಿ’ ನಡೆಯುತ್ತದೆ, ಏಕೆಂದರೆ ಮುಂದಿನ ಮೇಜಿನವರ ಕೆಲಸ ಏನೆಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಯಾರು, ಏನು, ಎಷ್ಟರೊಳಗೆ ಎಂಬುದೇ ಇಲ್ಲ. ‘ಆಗಬೇಕಾದ್ದನ್ನು ಮಾಡಿ’ ಅಂದರೂ ಅದೇ ಕೊರತೆ.

ರೇಖಾ:
ಹೀಗೆ ಬರೆದಿದ್ದೇನೆ: ‘14ರ ಶುಕ್ರವಾರ ಸಂಜೆ 4ಕ್ಕೆ ಇದ್ದ ಫೈರ್ ಡ್ರಿಲ್ ಎರಡು ದಿನ ಮೊದಲೇ, 12ರ ಬುಧವಾರ ಸಂಜೆ 4ಕ್ಕೆ ನಡೆಯಲಿದೆ. ಗಂಟೆ ಹೊಡೆದ ಕೂಡಲೇ ಲಿಫ್ಟ್ ಬಳಸದೆ ಮೆಟ್ಟಿಲಿನಿಂದ ಇಳಿದು ಗೇಟಿನ ಬಳಿ ಸೇರಿ, ಹಾಜರಿ ಕೊಡಿ.’ ಕ್ಲೈಂಟ್‌ಗೆ ‘ಬ್ರಾಟ್ ಫಾರ್ವರ್ಡ್ ಫ್ರಂ ಫ್ರೈಡೇ 14 ಟು ವೆಡ್ನಸ್‌ಡೇ 12’. ರಿವರ್ಟ್ ಬದಲು ‘ಪ್ಲೀಸ್ ರಿಪ್ಲೈ ಬೈ ಟ್ಯೂಸ್‌ಡೇ’.

ವಿಮಲಾ:
ಚೆನ್ನಾಗಿದೆ. ಕ್ಲೈಂಟ್‌ಗೆ 4 ಗಂಟೆ ಭಾರತದ ಸಮಯ ಎಂದು ಸೇರಿಸಿ. ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಶ್ರೀಧರ:
ಡ್ರಿಲ್, ಲಿಫ್ಟ್, ಗೇಟ್ ಎಲ್ಲ ಹಾಗೇ ಉಳಿಯಿತು. ‘ಬೆಂಕಿ ಅಣಕು ಅಭ್ಯಾಸ’ ಅನ್ನಲು ಏನು ಅಡ್ಡಿ?

ಮಂಜುನಾಥ:
ಸರ್, ಹೌಸ್‌ಕೀಪಿಂಗ್‌ನವರಿಗೆ ಲಿಫ್ಟ್ ಗೊತ್ತು, ಅಣಕು ಗೊತ್ತೋ ಇಲ್ಲವೋ.

ಶ್ರೀಧರ:
ಬರೆಯದಿದ್ದರೆ ಯಾವಾಗ ಗೊತ್ತಾಗಬೇಕು? ‘ಹಿಂದೂಡು’ ಬಗ್ಗೆಯೂ ನಾನು ಒಪ್ಪಿಲ್ಲ.