ಅಪ್‌ಡೇಟ್: ಸಂಬಳ ಜಾಸ್ತಿ ಕೇಳಿ ಪತ್ರ ಕೊಟ್ಟೆ

ನಾನು ಕೇಳಿದ್ದು: "ಬೈಕಂಪಾಡಿಯ ಗೋಡಂಬಿ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮೂರು ವರ್ಷದಿಂದ ಸಂಬಳ 24,000. ಜಾಸ್ತಿ ಕೇಳಿ ಪತ್ರ ಹೇಗೆ ಬರೆಯಲಿ?"

ಮೊದಲು ಬರೆದದ್ದನ್ನು ಹರಿದು ಹಾಕಿದೆ ಮಾರಾಯ್ರೆ. ಅದರ ತುಂಬಾ ಮನೆ ಬಾಡಿಗೆ, ಮಗಳ ಫೀಸು. ಅದು ನನ್ನ ಕಷ್ಟ, ಧನಿಗಳ ಲೆಕ್ಕ ಅಲ್ಲ ಅಲ್ವಾ?

ಎರಡನೇ ಪತ್ರದಲ್ಲಿ ಮುಖ್ಯವಾಗಿ ಒಂದೇ ಕೆಲಸ ಹಿಡಿದುಕೊಂಡೆ. ಕೆಲವು ಸಪ್ಲೈಯರ್‌ಗಳು ನಮಗೆ ಬಿಲ್ ಕೊಟ್ಟು, ರಿಟರ್ನ್‌ನಲ್ಲಿ ತೋರಿಸುವುದನ್ನು ಬಿಡುತ್ತಾರೆ. ಆಗ ಆ ಬಿಲ್ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮ್ಮ ಹೆಸರಿಗೆ ಬರುವ GSTR-2B ಪಟ್ಟಿಯಲ್ಲಿ ಇರುವುದಿಲ್ಲ, ನಮಗೆ ಜಿಎಸ್‌ಟಿ ಕ್ರೆಡಿಟ್ ಸಿಗುವುದಿಲ್ಲ. ಹೀಗೆ ಬರೆದೆ: "ಪ್ರತಿ ತಿಂಗಳು ಖರೀದಿ ಪುಸ್ತಕವನ್ನು GSTR-2B ಜೊತೆ ತಾಳೆ ನೋಡಿ, ಬಿಟ್ಟುಹೋದ ಬಿಲ್ಲುಗಳನ್ನು ಬೆನ್ನುಹತ್ತಿ ಹಾಕಿಸಿದ್ದೇನೆ. ಕಳೆದ ವರ್ಷ ಇದರಿಂದ ಉಳಿದ ಕ್ರೆಡಿಟ್ 3,40,000 ರೂಪಾಯಿ. ಪಟ್ಟಿ ಲಗತ್ತಿಸಿದೆ."

ಹೋಲಿಕೆಯಲ್ಲಿ ಎಡವುತ್ತಿದ್ದೆ. ಬೆಂಗಳೂರಿನ ಸಂಬಳ ಹಾಕಿದ್ದರೆ "ಅಲ್ಲಿಗೇ ಹೋಗಿ" ಅನ್ನುತ್ತಿದ್ದರು. ಮಂಗಳೂರು, ಉಡುಪಿಯ ಮೂರು ಜಾಹೀರಾತು ಮಾತ್ರ ತೆಗೆದುಕೊಂಡೆ. ಒಂದರಲ್ಲಿ 32,000 ಇತ್ತು, ಆದರೆ ಅದು ಸಿಟಿಸಿ, ಅಂದರೆ ಕಂಪನಿಗೆ ಬೀಳುವ ಒಟ್ಟು ಖರ್ಚು. ಬೇಸಿಕ್ 15,000 ಅಂತಿತ್ತು, ಅಂದರೆ ಕಂಪನಿ ಕಟ್ಟುವ ಪಿಎಫ್ 12 ಶೇಕಡಾ, 1,800 ಅದರಲ್ಲೇ ಸೇರಿದೆ. ಅದನ್ನು ಕಳೆದು 30,200 ಎಂದು ಹಾಕಿದೆ. ನನ್ನ 24,000ದಲ್ಲಿ ಅದು ಸೇರಿಲ್ಲವಲ್ಲ. ಕೇಳಿದ್ದು 30,000.

ಧನಿಗಳು ಪತ್ರ ಬದಿಗಿಟ್ಟು ಪಟ್ಟಿಯನ್ನೇ ಓದಿದರು, ಎರಡು ಬಿಲ್ ತರಿಸಿಯೂ ನೋಡಿದರು. ಮುಂದಿನ ತಿಂಗಳಿಂದ 28,000. ಉಳಿದದ್ದು ಏಪ್ರಿಲ್‌ನಲ್ಲಿ ನೋಡುವ ಎಂದರು. ಅದನ್ನು ಇಮೇಲ್‌ನಲ್ಲಿ ಬರೆದು ಕಳಿಸಿದ್ದೇನೆ, "ಓಕೆ" ಅಂತ ಉತ್ತರ ಬಂದಿದೆ.